ಮ್ಯಾಜಿಕ್ ಎರೇಸರ್: ಹುಲ್ಲಿನ ಮೇಲೆ ಸಲೀಸು, ಕೆತ್ತನೆಯ ಮೇಲೆ ಕಷ್ಟ

ಹಳೇಬೀಡಿನಲ್ಲಿ ತೆಗೆದ ಅಮ್ಮನ ಫೋಟೋ ಒಂದಿತ್ತು. ಹೊಯ್ಸಳೇಶ್ವರ ದೇವಸ್ಥಾನದ ಮುಂದಿನ ಹುಲ್ಲಿನ ಮೇಲೆ ನಿಂತಿದ್ದಾರೆ, ಹಿಂದೆ ಕೆತ್ತನೆಯ ಗೋಡೆ. ಮುಖಕ್ಕೆ ಬೆಳಕು ಚೆನ್ನಾಗಿ ಬಿದ್ದಿದೆ. ಆದರೆ ಕಾಲ ಬಳಿ ಯಾರೋ ಬಿಟ್ಟುಹೋದ ನೀರಿನ ಬಾಟಲಿ, ಆಕಾಶದ ಮೂಲೆಯಲ್ಲಿ ಒಂದು ವೈರು, ಅಮ್ಮನ ಹೆಗಲಿನ ಪಕ್ಕದಲ್ಲೇ ಗೋಡೆಗೆ ಅಡ್ಡ ನಿಂತ ಕೆಂಪು ಟೀಶರ್ಟಿನ ಒಬ್ಬರು. ಫ್ರೇಮ್ ಹಾಕಿಸೋ ಮುಂಚೆ ಮೂರನ್ನೂ ತೆಗೆಯೋಣ ಅಂತ ಗೂಗಲ್ ಫೋಟೋಸ್ ತೆರೆದೆ. ಅದರಲ್ಲಿ ಫೋಟೋದಿಂದ ಬೇಡದ್ದನ್ನು ಅಳಿಸುವ ಮ್ಯಾಜಿಕ್ ಎರೇಸರ್ ಅನ್ನೋ ಟೂಲ್ ಇದೆ, 2021ರಲ್ಲಿ ಗೂಗಲ್‌ನ ಪಿಕ್ಸೆಲ್ 6 ಫೋನಿನ ಜೊತೆ ಬಂದಿತ್ತು. 2024ರಿಂದ ಬೇರೆ ಫೋನುಗಳಲ್ಲೂ ದುಡ್ಡು ಕೊಡದೆ ಬಳಸಬಹುದು.

ಇದು ವಸ್ತುವಿನ ಹಿಂದೆ ಏನಿತ್ತು ಅಂತ ಹುಡುಕಿ ತರುವುದಿಲ್ಲ. ಅದು ಫೋಟೋದಲ್ಲಿ ಇಲ್ಲವೇ ಇಲ್ಲವಲ್ಲ! ಸುತ್ತಮುತ್ತ ನೋಡಿ, ಇಲ್ಲಿ ಹೀಗಿರಬಹುದು ಅಂತ ಊಹಿಸಿ ತುಂಬುತ್ತದೆ. ಹಾಗಾಗಿ ಅಳಿಸುವ ವಸ್ತು ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅದರ ಹಿಂದೆ ಏನಿದೆ ಅನ್ನುವುದನ್ನೇ ನಾನು ಮೊದಲು ನೋಡುತ್ತೇನೆ.

ಬಾಟಲಿ ಸುಲಭದ್ದು. ಎರಡು ಬೆರಳಿನಿಂದ ಅದರ ಹತ್ತಿರ ಜೂಮ್ ಮಾಡಿದೆ. ಜೂಮ್ ಮಾಡಿದಷ್ಟೂ ಬೆರಳಿನ ಗೆರೆ ಫೋಟೋದಲ್ಲಿ ಕಡಿಮೆ ಜಾಗ ಮುಟ್ಟುತ್ತದೆ, ಪಕ್ಕದ ಚಪ್ಪಲಿ ಉಳಿಯುತ್ತದೆ. ಬಾಟಲಿಯ ಸುತ್ತ ಒಂದು ಸುತ್ತು ಎಳೆದೆ, ಹೋಯಿತು. ಆದರೆ ಅದರ ನೆರಳು ಹುಲ್ಲಿನ ಮೇಲೆ ಹಾಗೇ ಉಳಿಯಿತು. ವಸ್ತುವಿಲ್ಲದ ನೆರಳು ತುಂಬಾ ವಿಚಿತ್ರವಾಗಿ ಕಾಣುತ್ತದೆ, ಅಲ್ವಾ? ಅದನ್ನೂ ಬಳಿದು ತೆಗೆದೆ. ಹುಲ್ಲಿಗೆ ಗೊತ್ತಾದ ಆಕಾರ ಅಂತಿಲ್ಲ. ಒಂದೆರಡು ಎಸಳು ಅಡ್ಡಾದಿಡ್ಡಿ ಬಂದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಆಕಾಶದ ವೈರೂ ಒಂದೇ ಗೆರೆಗೆ ಹೋಯಿತು.

ಕಷ್ಟ ಬಂದದ್ದು ಕೆಂಪು ಟೀಶರ್ಟಿನವರ ಹತ್ತಿರ. ಹಳೇಬೀಡಿನ ಗೋಡೆಯ ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು ಅಂತ ಸಾಲಿನ ಮೇಲೆ ಸಾಲು. ಎಲ್ಲವೂ ಬಳಪದ ಕಲ್ಲಿನಲ್ಲಿ ತುಂಬಾ ಸೂಕ್ಷ್ಮ ಕೆಲಸ. ಅವರನ್ನು ಅಳಿಸಿದಾಗ ಫೋನಿನ ಇಡೀ ಪರದೆಯಲ್ಲಿ ನೋಡಿದರೆ ಪರವಾಗಿಲ್ಲ ಅನ್ನಿಸಿತು. ಜೂಮ್ ಮಾಡಿದರೆ ಒಂದು ಆನೆಯ ಸೊಂಡಿಲು ಮುಂದಿನ ಆನೆಯ ಬೆನ್ನಿಗೆ ಅಂಟಿಕೊಂಡಿದೆ, ಕುದುರೆಗಳ ಜಾಗದಲ್ಲಿ ಕರಗಿದ ಮೇಣದಂಥ ಬೂದು ಬಣ್ಣ. ಅಮ್ಮನ ಸೀರೆಯ ಅಂಚು ಹೆಗಲ ಹತ್ತಿರ ಕಲ್ಲಿನೊಳಗೆ ಹರಿದು ಹೋಗಿತ್ತು.

ಇಂಥ ಕಡೆ ಕಲೆಸಿದ ಜಾಗದ ಮೇಲೆ ಮತ್ತೆ ಬಳಿಯಬೇಕು ಅನ್ನಿಸುತ್ತದೆ. ನಾನು ಹಾಗೆ ಮಾಡುವುದಿಲ್ಲ. ಎರಡನೇ ಸಲ ಅದು ನೋಡಿ ಊಹಿಸುವುದು ಆ ಕಲೆಸಿದ ಕಲ್ಲನ್ನೇ, ಹಾಗಾಗಿ ಇನ್ನೂ ಜಾಸ್ತಿ ಮಸುಕಾಗುತ್ತದೆ. ಅಂಡೂ ಒತ್ತಿ ಹಿಂದಕ್ಕೆ ಹೋಗಿ, ಸೀರೆಗೆ ತಾಗದ ಹಾಗೆ ಬರೀ ತಲೆ ಮತ್ತು ಆಚೆ ಬದಿಯ ತೋಳನ್ನು ಸಣ್ಣ ಸಣ್ಣ ತುಂಡಾಗಿ ಅಳಿಸಿ ನೋಡಿದೆ. ತಲೆಯ ಹಿಂದೆ ನೆರಳಿನ ಕಲ್ಲು ಇದ್ದದ್ದರಿಂದ ಅಲ್ಲಿ ಸರಿಹೋಯಿತು. ತೋಳಿನ ಕಡೆ ಮತ್ತೆ ಅದೇ ಮೇಣ. ಅಲ್ಲಿಗೆ ಅಳಿಸುವ ಆಸೆ ಬಿಟ್ಟೆ. ತಲೆಯನ್ನೂ ವಾಪಸ್ ತಂದೆ, ತಲೆಯಿಲ್ಲದ ಮನುಷ್ಯನನ್ನು ಇಟ್ಟುಕೊಂಡು ಏನು ಮಾಡೋದು!

ಕೆಟ್ಟಿದೆಯೋ ಇಲ್ಲವೋ ಅಂತ ತಿಳಿಯಲು ನಾನು ಎರಡು ವಿಷಯ ನೋಡುತ್ತೇನೆ. ಒಂದು, ಗೆರೆ. ಅಳಿಸಿದ ಜಾಗದ ಎಡಗಡೆಯಿಂದ ಬಂದ ಗೆರೆ ಬಲಗಡೆ ಅದೇ ಮಟ್ಟದಲ್ಲಿ ಹೊರಗೆ ಬರಬೇಕು. ಸಾಲಿನ ಅಂಚಾಗಲಿ, ಟೈಲ್ಸ್ ಸಂದಾಗಲಿ, ಕಿಟಕಿ ಸರಳಾಗಲಿ ನಡುವೆ ಬಾಗಿದರೆ ಮುಗಿಯಿತು. ಇನ್ನೊಂದು, ಕಾಳು. ಸಂಜೆಗತ್ತಲಲ್ಲಿ ಅಥವಾ ಮದುವೆ ಹಾಲಿನೊಳಗೆ ತೆಗೆದ ಫೋಟೋದಲ್ಲಿ ಎಲ್ಲ ಕಡೆ ಸಣ್ಣ ಕಾಳುಕಾಳು ಇರುತ್ತದೆ. ತುಂಬಿದ ಜಾಗ ಮಾತ್ರ ನುಣ್ಣಗಿದ್ದರೆ ತೇಪೆ ಗೊತ್ತಾಗಿಬಿಡುತ್ತದೆ. ವಾಟ್ಸಾಪ್ ಡಿಪಿಗೆ ಇದೆಲ್ಲ ಲೆಕ್ಕಕ್ಕಿಲ್ಲ. 8x10 ಇಂಚಿನ ಪ್ರಿಂಟಿನಲ್ಲಿ ಮಾತ್ರ ಎಲ್ಲವೂ ಕಾಣುತ್ತದೆ.

ಕೊನೆಗೆ ಕೆಲಸಕ್ಕೆ ಬಂದದ್ದು ಅದೇ ಟೂಲಿನಲ್ಲಿರುವ ಕ್ಯಾಮೊಫ್ಲಾಜ್. ಅದು ವಸ್ತುವನ್ನು ತೆಗೆಯುವುದಿಲ್ಲ, ಬಣ್ಣವನ್ನು ಮಾತ್ರ ಸುತ್ತಲಿನದಕ್ಕೆ ಹೊಂದಿಸುತ್ತದೆ. ಬಟ್ಟೆಯ ಮಡಿಕೆ, ನೆರಳು ಎಲ್ಲ ಹಾಗೇ ಇರುವುದರಿಂದ ಕಲೆಸುವ ಪ್ರಶ್ನೆಯೇ ಇಲ್ಲ. ಟೀಶರ್ಟ್ ಮೇಲೆ ಬಳಿದೆ, ಕೆಂಪು ಹೋಗಿ ಕಲ್ಲಿನ ಬೂದು ಬಂತು. ಆಮೇಲೆ ಆ ಕಡೆಯಿಂದ ಸ್ವಲ್ಪ ಕ್ರಾಪ್ ಮಾಡಿದೆ. ಅವರು ಇದ್ದಾರೆ, ಆದರೆ ಕಣ್ಣು ನೇರ ಅಮ್ಮನ ಮುಖಕ್ಕೇ ಹೋಗುತ್ತದೆ. ಕಾಪಿಯಾಗಿ ಸೇವ್ ಮಾಡಿ ಪ್ರಿಂಟಿಗೆ ಕೊಟ್ಟೆ, ಮೂಲ ಫೋಟೋ ಹಾಗೇ ಇದೆ.