ದಾಳ ಹಾಕಿ ಗಂಟೆ ಆಕಾರ ತೋರಿಸುವುದು: ನನ್ನ ಅನುಭವ

ಒಂದೊಂದು ಸರಾಸರಿಗೆ ಸೇರಿಸುವ ಸಂಖ್ಯೆಗಳು ಹೆಚ್ಚಿದಂತೆ ಆ ಸರಾಸರಿಗಳ ಚಿತ್ರ ಗಂಟೆಯ ಆಕಾರಕ್ಕೆ ಹತ್ತಿರವಾಗುತ್ತದೆ ಅನ್ನುವುದೇ ಸೆಂಟ್ರಲ್ ಲಿಮಿಟ್ ಥಿಯರಮ್. ಡಿಗ್ರಿ ಮಕ್ಕಳಿಗೆ ಇದನ್ನು ಹೇಳಿಕೊಡುವಾಗ ನಾನು ಸೂತ್ರದಿಂದ ಶುರು ಮಾಡುವುದಿಲ್ಲ. ಲೂಡೋ ದಾಳಗಳು, ಗ್ರಾಫ್ ಶೀಟ್, ಪೆನ್ಸಿಲ್ ಇದ್ದರೆ ಸಾಕು. ಸೂತ್ರ ಆಮೇಲೆ ಬರಲಿ.

ಮೊದಲು ಒಂದೇ ದಾಳ. ಎಲ್ಲರೂ ಹಾಕುತ್ತಾ ಹೋಗುತ್ತಾರೆ. 1 ಬಿದ್ದರೆ 1ರ ಮೇಲೆ ಒಂದು ಚೌಕಕ್ಕೆ ಬಣ್ಣ, 6 ಬಿದ್ದರೆ 6ರ ಮೇಲೆ. ಆರೂ ಕಂಬಗಳು ಹೆಚ್ಚುಕಮ್ಮಿ ಒಂದೇ ಎತ್ತರಕ್ಕೆ ಬೆಳೆಯುತ್ತವೆ. ಆಗ ಯಾರಾದರೂ ಕೇಳಿಯೇ ಕೇಳುತ್ತಾರೆ: "ಸರ್, ಇನ್ನೂ ಜಾಸ್ತಿ ಸಲ ಹಾಕಿದ್ರೆ ಗಂಟೆ ಬರುತ್ತಾ?" ಬರುವುದಿಲ್ಲ. ಲಕ್ಷ ಸಲ ಹಾಕಿದರೆ ಕಂಬಗಳು ಇನ್ನೂ ಸಮ ಆಗುತ್ತವೆ, ಅಷ್ಟೇ. ಎಷ್ಟು ಸಲ ಹಾಕುತ್ತೀರಿ ಅನ್ನುವುದು ಬೇರೆ, ಒಂದೊಂದು ಸರಾಸರಿಗೆ ಎಷ್ಟು ದಾಳ ಸೇರಿಸುತ್ತೀರಿ ಅನ್ನುವುದು ಬೇರೆ. ಗಂಟೆ ಹುಟ್ಟುವುದು ಎರಡನೆಯದರಿಂದ. ಮೊದಲನೆಯದರಿಂದ ಚಿತ್ರ ಸ್ಪಷ್ಟ ಆಗುತ್ತದೆ, ಆಕಾರ ಬದಲಾಗುವುದಿಲ್ಲ. ಈ ಎರಡನ್ನು ಕಲಸಿಕೊಂಡವರಿಗೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಹಾಗಾಗಿ ಇಲ್ಲಿ ನಾನು ಅವಸರ ಮಾಡುವುದಿಲ್ಲ.

ಆಮೇಲೆ ಎರಡು ದಾಳ. ಸರಾಸರಿಯ ಬದಲು ಮೊತ್ತವನ್ನೇ ಬರೆಯಿರಿ ಅನ್ನುತ್ತೇನೆ. ಮೊತ್ತವನ್ನು ದಾಳಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ, ಅಲ್ವಾ? ಕೆಳಗಿನ ಅಂಕಿಗಳು ಬದಲಾಗುತ್ತವೆ, ಆಕಾರ ಅದೇ. ಒಟ್ಟು 36 ಬಗೆಯಲ್ಲಿ ಎರಡು ದಾಳ ಬೀಳಬಹುದು. 2 ಬರಲು ಒಂದೇ ದಾರಿ, 3 ಬರಲು ಎರಡು, 7 ಬರಲು ಆರು, ಮತ್ತೆ ಇಳಿಯುತ್ತಾ 12ಕ್ಕೆ ಒಂದೇ. ಚಪ್ಪಟೆ ಚಿತ್ರ ಒಂದೇ ಹೆಜ್ಜೆಯಲ್ಲಿ ತ್ರಿಕೋನ ಆಗಿಬಿಡುತ್ತದೆ.

ಮೂರು ದಾಳಕ್ಕೆ ಬಂದಾಗ ಗೆಲಿಲಿಯೋ ಬಿಡಿಸಿದ ಒಂದು ಹಳೆಯ ಲೆಕ್ಕ ಕೊಡುತ್ತೇನೆ. 9 ಬರಲು ಆರು ಜೋಡಣೆ ಇವೆ: 6-2-1, 5-3-1, 5-2-2, 4-4-1, 4-3-2, 3-3-3. 10ಕ್ಕೂ ಆರೇ. ಆದರೂ ಜೂಜಾಡುವವರ ಅನುಭವದಲ್ಲಿ 10 ಸ್ವಲ್ಪ ಹೆಚ್ಚು ಸಲ ಬೀಳುತ್ತಿತ್ತು. ಕಾರಣ ಏನು? 4-3-2 ಅನ್ನು ಮೂರು ದಾಳಗಳಲ್ಲಿ ಆರು ರೀತಿ ಹಂಚಬಹುದು, 5-2-2 ಅನ್ನು ಮೂರು ರೀತಿ, 3-3-3 ಅನ್ನು ಒಂದೇ ರೀತಿ. ಹೀಗೆ ಎಣಿಸಿದರೆ 216ರಲ್ಲಿ 9ಕ್ಕೆ 25 ದಾರಿ, 10ಕ್ಕೆ 27. ದಾಳಕ್ಕೆ ನಡುವಿನ ಮೇಲೆ ಪ್ರೀತಿ ಏನೂ ಇಲ್ಲ. ನಡುವಿನ ಮೊತ್ತಕ್ಕೆ ಬರುವ ದಾರಿಗಳು ಜಾಸ್ತಿ, ತುದಿಗೆ ಹೋಗುವ ದಾರಿಗಳು ಕಡಿಮೆ.

ಇಲ್ಲಿಗೆ ನಿಲ್ಲಿಸಿದರೆ ಪಾಠ ಅರ್ಧ. ನಡು ಎತ್ತರ, ತುದಿ ತಗ್ಗು ಅನ್ನುವುದು ತ್ರಿಕೋನಕ್ಕೂ ನಿಜವಲ್ಲವೇ? ಅದರ ಚೂಪು ಹೋಗಿ ಗಂಟೆಯ ದುಂಡು ಬರುವುದು ಹೇಗೆ? ಅದಕ್ಕೆ ಎರಡು ದಾಳದ ಎಣಿಕೆಯನ್ನು ಒಂದು ಸಾಲಿನಲ್ಲಿ ಬರೆಸುತ್ತೇನೆ: 1, 2, 3, 4, 5, 6, 5, 4, 3, 2, 1. ಮೂರು ದಾಳದ ಮೊತ್ತ 10 ಆಗಬೇಕಾದರೆ, ಮೂರನೆಯ ದಾಳ 1ರಿಂದ 6ರವರೆಗೆ ಏನೇ ಬೀಳಲಿ, ಮೊದಲ ಎರಡರ ಮೊತ್ತ 9ರಿಂದ 4ರ ಒಳಗೆ ಇರಬೇಕು. ಆ ಆರು ಎಣಿಕೆಗಳನ್ನು ಕೂಡಿಸಿ: 4+5+6+5+4+3. ಸಿಕ್ಕಿತು 27. ಅಂದರೆ ಹೊಸ ದಾಳ ಸೇರಿಸುವುದು ಎಂದರೆ ಹಳೆಯ ಸಾಲಿನ ಮೇಲೆ ಆರು ಮನೆ ಅಗಲದ ಕಿಟಕಿ ಸರಿಸುತ್ತಾ, ಒಳಗೆ ಕಂಡದ್ದನ್ನೆಲ್ಲ ಕೂಡಿಸುತ್ತಾ ಹೋಗುವುದು. ಹೀಗೆ ಅಕ್ಕಪಕ್ಕದವುಗಳನ್ನು ಕೂಡಿಸಿದಾಗ ಯಾವ ಚೂಪೂ ಉಳಿಯುವುದಿಲ್ಲ. ಮೊದಲ ಸಲ ಚಪ್ಪಟೆ ತ್ರಿಕೋನ ಆಯಿತು. ಎರಡನೇ ಸಲ ತ್ರಿಕೋನದ ತುದಿ ದುಂಡಾಯಿತು: ...25, 27, 27, 25... ನಾಲ್ಕನೇ ದಾಳದ ಹೊತ್ತಿಗೆ ಕಣ್ಣಿಗೆ ಗಂಟೆಯೇ. ನನ್ನ ಮಟ್ಟಿಗೆ ಇಡೀ ಥಿಯರಮ್‌ನ ಜೀವ ಈ ಕಿಟಕಿಯಲ್ಲಿದೆ. ಕೈಯಲ್ಲಿ ಕೂಡಿಸದೆ ಸುಮ್ನೆ ಸ್ಕ್ರೀನ್ ಮೇಲೆ ನೋಡಿದವರಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ.

ಕೈ ಲೆಕ್ಕ ಆದಮೇಲೆ ಅದನ್ನೇ ಪೈಥಾನ್‌ನಲ್ಲಿ ಬರೆಸುತ್ತೇನೆ. ಇದರಲ್ಲಿ ರ‍್ಯಾಂಡಮ್ ಸಂಖ್ಯೆ ಯಾವುದೂ ಇಲ್ಲ, ನಿಖರ ಎಣಿಕೆ:

```python
ways = [1]
for k in range(10):
    new = [0] * (len(ways) + 6)
    for s, w in enumerate(ways):
        for face in range(1, 7):
            new[s + face] += w
    ways = new
print(ways[10], ways[35])
```

ಹತ್ತು ದಾಳದಲ್ಲಿ ಎಲ್ಲವೂ 1 ಬಿದ್ದು ಮೊತ್ತ 10 ಆಗಲು ಒಂದೇ ದಾರಿ. ಮೊತ್ತ 35 ಆಗಲು, ಅಂದರೆ ಸರಾಸರಿ 3.5 ಬರಲು, 43,95,456 ದಾರಿ. ಒಟ್ಟು ದಾರಿಗಳು 6,04,66,176. ಒಂದು ದಾಳದ ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಬೆಲೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ, ಸುಮಾರು 1.71. ಹತ್ತರ ಸರಾಸರಿಗೆ ಅದನ್ನು ಹತ್ತರ ವರ್ಗಮೂಲದಿಂದ ಭಾಗಿಸಬೇಕು, 0.54 ಬರುತ್ತದೆ. ದಾರಿಗಳನ್ನು ಎಣಿಸಿದರೆ, ಸರಾಸರಿ 3.0ರಿಂದ 4.0ರವರೆಗೆ ಬೀಳುವುದು ನೂರಕ್ಕೆ ಸುಮಾರು 69 ಸಲ. ಗಂಟೆಯ ಅಗಲ ಅರ್ಧ ಆಗಬೇಕೆಂದರೆ ದಾಳಗಳು ಎರಡು ಪಟ್ಟಲ್ಲ, ನಾಲ್ಕು ಪಟ್ಟು ಬೇಕು.

ಕಂಪ್ಯೂಟರ್‌ನಲ್ಲೇ ದಾಳ ಹಾಕಿಸಿ ಹಿಸ್ಟೋಗ್ರಾಮ್ ಬಿಡಿಸುವವರಿಗೆ ಒಂದು ಎಚ್ಚರಿಕೆ. ಕೆಲವೊಮ್ಮೆ ಗಂಟೆಯ ಬದಲು ಬಾಚಣಿಗೆ ಬರುತ್ತದೆ, ಒಂದು ಕಂಬ ಉದ್ದ, ಪಕ್ಕದ್ದು ಗಿಡ್ಡ. ಥಿಯರಮ್ ಕೈಕೊಟ್ಟಿತು ಅಂದುಕೊಳ್ಳಬೇಡಿ. ಹತ್ತು ದಾಳದ ಸರಾಸರಿ 0.1ರ ಹೆಜ್ಜೆಯಲ್ಲಿ ಮಾತ್ರ ಬರುತ್ತದೆ: 3.4, 3.5, 3.6. ಕಂಬದ ಅಗಲ 0.15 ಇಟ್ಟರೆ ಒಂದರಲ್ಲಿ ಎರಡು ಬೆಲೆ, ಇನ್ನೊಂದರಲ್ಲಿ ಒಂದೇ ಬೆಲೆ ಕೂರುತ್ತದೆ. ಮೊತ್ತವನ್ನೇ ಬಿಡಿಸಿ, ಒಂದು ಮೊತ್ತಕ್ಕೆ ಒಂದು ಕಂಬ ಕೊಡಿ. ಬಾಚಣಿಗೆ ಮಾಯ.

ಕೊನೆಗೆ ಆ 30ರ ಸೂತ್ರ. "ಸ್ಯಾಂಪಲ್‌ನಲ್ಲಿ 30 ಇದ್ದರೆ ಸಾಕು, ಗಂಟೆ ಬಂದೇ ಬರುತ್ತದೆ" ಎಂದು ಎಷ್ಟೋ ನೋಟ್ಸ್‌ಗಳಲ್ಲಿ ಇರುತ್ತದೆ. ನನಗೆ ಈ ಮಾತು ಇಷ್ಟವಿಲ್ಲ. ಮಾಮೂಲಿ ದಾಳಕ್ಕೆ ನಾಲ್ಕೈದೇ ಸಾಕಾಗುತ್ತದೆ, ಯಾಕೆಂದರೆ ಅದರ ಎರಡೂ ಬದಿ ಸಮ. ಈಗ ದಾಳದ ಐದು ಮುಖಕ್ಕೆ ಸ್ಟಿಕ್ಕರ್ ಅಂಟಿಸಿ 1 ಎಂದು ಬರೆಯಿರಿ, ಒಂದು ಮುಖ ಮಾತ್ರ 6 ಇರಲಿ. ಒಂದು ದಾಳದ ಸರಾಸರಿ 11/6, ಅಂದರೆ ಸುಮಾರು 1.83. ಇಂಥ ಹತ್ತು ದಾಳ ಹಾಕಿದರೆ ಚಿತ್ರ ಎಡಕ್ಕೆ ಒತ್ತಿಕೊಂಡು ಬಲಕ್ಕೆ ಬಾಲ ಬಿಡುತ್ತದೆ.

30 ಹಾಕಿದರೆ ದೂರದಿಂದ ಗಂಟೆಯಂತೆಯೇ ಕಾಣುತ್ತದೆ. ಆದರೆ ತುದಿಗಳನ್ನು ಎಣಿಸಿ ನೋಡಿ. ಮೂವತ್ತರಲ್ಲಿ ಸರಾಸರಿ ಐದು ದಾಳ 6 ತೋರಿಸಬೇಕು. ಅದಕ್ಕಿಂತ ಐದು ಕಡಿಮೆ, ಅಂದರೆ ಒಂದೂ 6 ಬೀಳದೇ ಇರುವುದು ಸಾವಿರಕ್ಕೆ ಸುಮಾರು ನಾಲ್ಕು ಸಲ. ಐದು ಹೆಚ್ಚು, ಅಂದರೆ ಹತ್ತೋ ಅದಕ್ಕಿಂತ ಜಾಸ್ತಿಯೋ 6 ಬೀಳುವುದು ಸಾವಿರಕ್ಕೆ ಸುಮಾರು ಇಪ್ಪತ್ತು ಸಲ. ನಿಜವಾದ ಗಂಟೆಯಲ್ಲಿ ಇವೆರಡೂ ಸಮ ಇರಬೇಕಿತ್ತು. ಅದಕ್ಕೇ ಈಗ ಮಕ್ಕಳಿಗೆ 30ರ ಬದಲು ಈ ಪರೀಕ್ಷೆ ಕೊಡುತ್ತೇನೆ: ನಡುವಿನಿಂದ ಎರಡೂ ಕಡೆ ಒಂದೇ ದೂರ ಹೋಗಿ, ಎರಡು ತುದಿಗಳನ್ನು ಎಣಿಸಿ. ಹೆಚ್ಚುಕಮ್ಮಿ ಸಮ ಬರುವ ತನಕ ದಾಳ ಸೇರಿಸುತ್ತಾ ಹೋಗಿ. ಸ್ಟಿಕ್ಕರ್ ದಾಳಕ್ಕೆ ನೂರು ಸೇರಿಸಿದರೂ ಬಾಲ ಇನ್ನೂ ಸ್ವಲ್ಪ ಬಲಕ್ಕೇ ಇರುತ್ತದೆ.