ಹುಣಸೆ ಮಣೆ ಗೆದ್ದ ಬಗೆ: ನಾಲ್ಕು ಹೆಚ್ಚುವ ಮಣೆಗಳೊಂದಿಗೆ ನನ್ನ ಅನುಭವ

ನಮ್ಮ ಖಾನಾವಳಿಯಲ್ಲಿ ದಿನಕ್ಕೆ ಸುಮಾರು 15 ಕಿಲೋ ಈರುಳ್ಳಿಯನ್ನೂ ಹತ್ತಿರಹತ್ತಿರ ಅಷ್ಟೇ ತರಕಾರಿಯನ್ನೂ ಹೆಚ್ಚುತ್ತೇವೆ. ನಾಲ್ಕು ವರ್ಷಗಳ ಹಿಂದೆ ಹತ್ತು ದಿನಕ್ಕೊಮ್ಮೆ ಚಾಕುಗಳಿಗೆ ಸಾಣೆ ಹಿಡಿಸಿ ಬೇಸತ್ತಾಗ, ತಪ್ಪು ಚಾಕುವಿನದಲ್ಲ, ಮಣೆಯದು ಎಂದು ನಾನು ಹೇಳಿದೆ. ನನ್ನ ಪಾಲುದಾರರು ನಕ್ಕರು. ಮರದ ಮಣೆ ತಂದರೆ ಬೂಷ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ಕೇ ಶುಚಿ ಎಂಬುದು ಅವರ ವಾದವಾಗಿತ್ತು.

ಒಂದೇ ಅಂಗಡಿಯ ಒಂದೇ ಬಗೆಯ ನಾಲ್ಕು ಚಾಕುಗಳನ್ನು ಒಂದೇ ಕಲ್ಲಿನಲ್ಲಿ ಮಸೆದು, ಗಾಜು, ಬಿದಿರು, ಪ್ಲಾಸ್ಟಿಕ್ ಮತ್ತು ಮರದ ಮಣೆಗಳಿಗೆ ಒಂದೊಂದನ್ನು ಕೊಟ್ಟೆ. ಹಣ್ಣಾದ ಟೊಮೇಟೊ ಮೇಲೆ ಚಾಕುವನ್ನು ಒತ್ತದೆ ಎಳೆದಾಗ ಸಿಪ್ಪೆ ಹರಿಯಬೇಕು. ಜಾರಿದರೆ ಅಲಗು ಹೋಯಿತೆಂದೇ ಲೆಕ್ಕ. ಗಾಜಿನ ಮೇಲಿನ ಚಾಕು ಮರುದಿನ ಬೆಳಿಗ್ಗೆಯೇ ಜಾರಿತು. ಉಗುರಿನ ಮೇಲೆ ಅಲಗನ್ನು ಮೆಲ್ಲಗೆ ಎಳೆದು ನೋಡಿದರೆ ಬಾಯಿ ಒಂದು ಬದಿಗೆ ಮಡಚಿಕೊಂಡಿದ್ದುದು ಸ್ಪಷ್ಟವಾಗಿ ತಿಳಿಯುತ್ತಿತ್ತು. ತೊಳೆಯುವುದಕ್ಕೆ ಗಾಜಿನಷ್ಟು ಸುಲಭದ್ದು ಬೇರೊಂದಿಲ್ಲ, ಆದರೆ ಸುಮಾರು 600 ರೂಪಾಯಿಯ ಆ ಹಲಗೆಯನ್ನು ಈಗ ಚಪಾತಿ ಹಿಟ್ಟು ನಾದಲು ಬಳಸುತ್ತೇವೆ. ಬಿದಿರಿನ ಮೇಲೆ ಚಾಕು ವಾರದೊಳಗೆ ಮೊಂಡಾಯಿತು. ಬಿದಿರಿನಲ್ಲಿ ಸಿಲಿಕಾ ಇರುತ್ತದೆ, ಪಟ್ಟಿಗಳನ್ನು ಅಂಟಿಸಿದ ಗೋಂದೂ ಗಟ್ಟಿ. ಆರೇಳು ತಿಂಗಳಿಗೆ ಆ ಪಟ್ಟಿಗಳ ನಡುವೆ ಬಿರುಕು ಬಿಟ್ಟು, ಅದರೊಳಗೆ ಕಪ್ಪು ಗೆರೆ ಮೂಡಿತು.

ಚಾಕುವಿನ ಮಟ್ಟಿಗೆ ಪ್ಲಾಸ್ಟಿಕ್ ಕೆಟ್ಟದ್ದಲ್ಲ, ಅಲಗು ಎರಡು ವಾರ ನಿಂತಿತು. ತೊಂದರೆ ಇದ್ದದ್ದು ಗೀರುಗಳಲ್ಲಿ. ವರ್ಷ ತುಂಬಿದ ಹಲಗೆಗೆ ಅರಿಸಿನ ಕಲಸಿದ ನೀರು ಸವರಿ, ಬ್ರಷ್ಷಿನಿಂದ ಉಜ್ಜಿ ತೊಳೆದೆ. ನಡುಭಾಗದ ಗೀರುಗಳಲ್ಲೆಲ್ಲ ಹಳದಿ ಬಲೆಯೊಂದು ಹಾಗೆಯೇ ಉಳಿಯಿತು. ಕಲೆಯೇ ರೋಗಾಣುವಲ್ಲ ಎಂಬುದು ನನಗೆ ಗೊತ್ತು, ಆದರೆ ಬ್ರಷ್ಷು ಎಲ್ಲಿಗೆ ತಲುಪುವುದಿಲ್ಲ ಎಂಬುದನ್ನು ಅದು ತೋರಿಸುತ್ತದೆ. ಅಮೆರಿಕದ ಡೀನ್ ಕ್ಲೈವರ್ ಎಂಬ ವಿಜ್ಞಾನಿ 1990ರ ದಶಕದಲ್ಲಿಯೇ, ಚಾಕು ಗೀರಿದ ಪ್ಲಾಸ್ಟಿಕ್ಕನ್ನು ಕೈಯಿಂದ ತೊಳೆದು ಶುಚಿ ಮಾಡುವುದು ಕಷ್ಟವೆಂದೂ, ಮರದೊಳಗೆ ಇಳಿದ ಬ್ಯಾಕ್ಟೀರಿಯಾಗಳು ವೃದ್ಧಿಯಾಗದೆ ಕ್ರಮೇಣ ಸಾಯುತ್ತವೆಂದೂ ಕಂಡಿದ್ದರು. ಗೀರಿದ ಹಲಗೆಯನ್ನು ಹತ್ರಿಯಿಂದ ಹೆರೆಯಲು ಹೋಗಿ ಮೇಲ್ಮೈ ನೂಲುನೂಲಾಗಿ ಎದ್ದು ಇನ್ನಷ್ಟು ಕೆಟ್ಟಿತು. ಆ 900 ರೂಪಾಯಿಯೂ ಹೋಯಿತು.

ಹುಣಸೆಯ ಯೋಚನೆ ಬಂದದ್ದು ಮಾಂಸದಂಗಡಿಯ ಕೊರಡನ್ನು ನೋಡಿ. ಮರದ ನಾರುಗಳು ಅದರಲ್ಲಿ ಪೊರಕೆಕಡ್ಡಿಗಳಂತೆ ನೆಟ್ಟಗೆ ನಿಂತಿರುತ್ತವೆ. ಅಲಗು ಅವುಗಳ ನಡುವೆ ಇಳಿಯುತ್ತದೆ, ಎತ್ತಿದ ಮೇಲೆ ಅವು ಮತ್ತೆ ಕೂಡಿಕೊಳ್ಳುತ್ತವೆ. ಆಸೆಯಿಂದ ಸಾಮಿಲ್ಲಿನಲ್ಲಿ ಹಸಿ ದಿಮ್ಮಿಯಿಂದ ಎರಡೂವರೆ ಇಂಚಿನ ಬಿಲ್ಲೆಯೊಂದನ್ನು ಕೊಯ್ಯಿಸಿದೆ. ಇಪ್ಪತ್ತು ದಿನ ಒಣಗುವಷ್ಟರಲ್ಲಿ ಅಂಚಿನಿಂದ ನಡುವಿನವರೆಗೆ ಬೆರಳು ತೂರುವಷ್ಟು ಸೀಳಿತು. ವರ್ಷದ ಉಂಗುರಗಳ ಉದ್ದಕ್ಕೂ ಮರ ಕುಗ್ಗುವಷ್ಟು ಅಡ್ಡಕ್ಕೆ ಕುಗ್ಗದ ಕಾರಣ, ದುಂಡು ಬಿಲ್ಲೆ ಸೀಳದೆ ವಿಧಿಯಿಲ್ಲ. ಪಾಲುದಾರರಿಗೆ ಅಂದು ಹಬ್ಬ.

ಎರಡನೆಯ ಬಾರಿ ಎರಡು ವರ್ಷ ನೆರಳಿನಲ್ಲಿ ಒಣಗಿದ ಹಲಗೆಯನ್ನು ಕೊಂಡು, ಎರಡಿಂಚು ಚೌಕದ ತುಂಡುಗಳನ್ನು ಮಾಡಿಸಿ, ನಾರು ಮೇಲ್ಮುಖವಾಗುವಂತೆ ನಿಲ್ಲಿಸಿ, ನೀರು ತಡೆಯುವ ಗೋಂದಿನಿಂದ ಅಂಟಿಸಿದೆವು. ಬಡಗಿಯ ಕೂಲಿ ಸೇರಿ 2,200 ರೂಪಾಯಿಯಾಯಿತು. ಮೊದಲು ಕಡಲೆಕಾಯಿ ಎಣ್ಣೆ ಹಚ್ಚಿದ್ದು ಇನ್ನೊಂದು ತಪ್ಪು: ತಿಂಗಳೊಳಗೆ ಅಂಟಂಟಾಗಿ ಕಮಟು ವಾಸನೆ ಬಂತು. ಉಜ್ಜು ಕಾಗದದಿಂದ ಅದನ್ನು ತೆಗೆದು, ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ನಿಗೆ ಜೇನುಮೇಣ ಕರಗಿಸಿ ಹಚ್ಚಿದೆ. ಎಷ್ಟಕ್ಕೆ ಎಷ್ಟು, ಯಾವ ಬಿಸಿಯಲ್ಲಿ ಎಂಬುದು ನನ್ನಲ್ಲೇ ಇರಲಿ.

ಈಗ ಮೂರು ವರ್ಷವಾಗಿದೆ. ಚಾಕುವಿಗೆ ಸಾಣೆ ಹಿಡಿಸುವುದು ಐದು ವಾರಕ್ಕೊಮ್ಮೆ. ಮಣೆ ಸವೆದಿರುವುದು ನನ್ನ ಅಂದಾಜಿನಲ್ಲಿ ಎರಡು ಮಿಲಿಮೀಟರ್. ರಾತ್ರಿ ಬಿಸಿನೀರು, ಸೋಪಿನಿಂದ ತಿಕ್ಕಿ, ಎರಡೂ ಮುಖಗಳಿಗೆ ಗಾಳಿ ಆಡುವಂತೆ ಗೋಡೆಗೆ ಒರಗಿಸಿ ನಿಲ್ಲಿಸುತ್ತೇವೆ. ಒಮ್ಮೆ ಹುಡುಗನೊಬ್ಬ ಒದ್ದೆಯಾಗಿಯೇ ಕಟ್ಟೆಯ ಮೇಲೆ ಮಲಗಿಸಿ ಹೋದಾಗ ಎರಡೇ ದಿನಕ್ಕೆ ಅಡಿಯಲ್ಲಿ ಬಿಳಿ ಬೂಷ್ಟು ಬಂದಿತ್ತು. ಕೋಳಿಗೆ ಮಾತ್ರ ಇಂದಿಗೂ ಬೇರೆ ಪ್ಲಾಸ್ಟಿಕ್ ಹಲಗೆಯಿದೆ, ಅದನ್ನು ಬ್ಲೀಚ್ ನೀರಿನಲ್ಲಿ ನೆನೆಸಿಡಬಹುದು. ಗೀರು ಉಗುರಿಗೆ ಸಿಕ್ಕಿದ ದಿನ ಎಸೆಯುತ್ತೇವೆ.

ಕಳೆದ ತಿಂಗಳು ನಮ್ಮ ಪಾಲುದಾರರೇ ಮನೆಗೊಂದು ಹುಣಸೆ ಮಣೆ ಮಾಡಿಸಿಕೊಡಿ ಎಂದರು. ತುಂಡುಗಳ ಅಳತೆ ಬರೆದುಕೊಟ್ಟೆ; ಮೇಣವನ್ನು ಡಬ್ಬಿಯಲ್ಲಿ ಹಾಕಿಯೇ ಕೊಟ್ಟೆ.