ಅತ್ತೆಯ ಮಗಳು ತಂಗಿಯೇ? ಒಂದು ಪಾಠದ ಅನುಭವ

ಸಮಾಜಶಾಸ್ತ್ರದ ಆರಂಭಿಕ ತರಗತಿಗೆ ಸ್ವಸಂಸ್ಕೃತಿ ಶ್ರೇಷ್ಠತಾ ಭಾವನೆಯನ್ನು ಕಲಿಸುವಾಗ ನಾನು ಮೊದಮೊದಲು ದೂರದ ದೇಶಗಳ ಉದಾಹರಣೆಗಳನ್ನೇ ಕೊಡುತ್ತಿದ್ದೆ. 1906ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಸಮ್ನರ್ ಈ ಪರಿಕಲ್ಪನೆಗೆ ಕೊಟ್ಟ ವಿವರಣೆಯನ್ನು, ಅಂದರೆ ನಮ್ಮ ಗುಂಪನ್ನೇ ಕೇಂದ್ರವಾಗಿಟ್ಟುಕೊಂಡು ಉಳಿದವರನ್ನೆಲ್ಲ ಅದರಿಂದ ಅಳೆಯುವುದು ಎಂಬುದನ್ನು, ವಿದ್ಯಾರ್ಥಿಗಳು ಸರಿಯಾಗಿಯೇ ಬರೆಯುತ್ತಿದ್ದರು; ಆದರೆ ಆ ಅಳತೆಗೋಲು ತಮ್ಮ ಕೈಯಲ್ಲೂ ಇದೆ ಎಂಬುದು ಅವರಿಗೆ ಕಾಣುತ್ತಿರಲಿಲ್ಲ.

ಆದ್ದರಿಂದ ಹಾಳೆಯನ್ನು ಎರಡು ಭಾಗ ಮಾಡಿಸಿ, ಎಡಗಡೆ ‘ಅವರು ಮಾಡುವುದು’, ಬಲಗಡೆ ‘ನನಗೆ ಅನಿಸಿದ್ದು’ ಎಂದು ಬರೆಸತೊಡಗಿದೆ. ಕೆಂಪಿರುವೆಯಿಂದ ಮಾಡುವ ಮಲೆನಾಡಿನ ಚಿಗಳಿ ಚಟ್ನಿಯ ವಿಷಯ ತೆಗೆದಾಗ ಹಲವರು ಎಡಗಡೆಯೇ ‘ಇರುವೆಯಂಥ ಅಸಹ್ಯ ವಸ್ತು ತಿನ್ನುತ್ತಾರೆ’ ಎಂದು ಬರೆದರು. ಕೊಡವ ಮಹಿಳೆಯರು ಸೀರೆಯ ನೆರಿಗೆಯನ್ನು ಹಿಂದಕ್ಕೆ ಬರುವಂತೆ ಉಡುವುದನ್ನು ‘ತಿರುಗಾಮುರುಗಾ’ ಎಂದವರಿಗೆ, ಯಾವುದಕ್ಕೆ ಹೋಲಿಸಿದರೆ ತಿರುಗಾಮುರುಗಾ ಎಂದು ಕೇಳಿದೆ. ಆ ಪದದೊಳಗೇ ತಮ್ಮ ಮನೆಯ ಉಡುಗೆ ಅಡಗಿದೆ ಎಂಬುದು ಅವರಿಗೆ ಬೇಗ ಹೊಳೆಯಿತು.

ಮದುವೆಯ ವಿಷಯ ಅಷ್ಟು ಸುಲಭವಾಗಿರಲಿಲ್ಲ. ಅತ್ತೆಯ ಮಗಳನ್ನು ಮದುವೆಯಾಗುವುದು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಸಹಜವೆಂದಾಗ, ರಾಜಸ್ಥಾನ ಮೂಲದ ಕುಟುಂಬದ ಹುಡುಗಿಯೊಬ್ಬಳು, ‘ಸರ್, ಅವಳು ತಂಗಿಯಲ್ಲವೇ?’ ಎಂದು ನಿಜವಾದ ಆಘಾತದಿಂದ ಕೇಳಿದಳು. ಉಳಿದವರಿಗೆ ಸಿಟ್ಟು ಬಂತು. ಆಗ ನಾನು ಚಿಕ್ಕಪ್ಪನ ಮಗಳನ್ನು ವರಿಸುವ ರೂಢಿ ಅನೇಕ ಮುಸ್ಲಿಂ ಕುಟುಂಬಗಳಲ್ಲಿದೆ ಎಂದು ಹೇಳಿದೆ. ಸಿಟ್ಟಾದವರ ಬಾಯಲ್ಲೂ ಬಂದದ್ದು ಅದೇ ಮಾತು: ‘ಅವಳು ತಂಗಿಯಲ್ಲವೇ?’

ಅಲ್ಲಿಂದ ಸಂಬಂಧವಾಚಕಗಳಿಗೆ ಬಂದೆವು. ಕನ್ನಡದಲ್ಲಿ ತಾಯಿಯ ಸೋದರನೂ ಹೆಂಡತಿಯ ತಂದೆಯೂ ಮಾವನೇ; ತಂದೆಯ ಸೋದರಿಯೂ ಹೆಂಡತಿಯ ತಾಯಿಯೂ ಅತ್ತೆಯೇ. ಹಿಂದಿಯಲ್ಲಿ ಮಾಮಾ ಬೇರೆ, ಸಸುರ್ ಬೇರೆ. ಬುವಾ ಬೇರೆ, ಸಾಸ್ ಬೇರೆ. ಯಾರು ತಂಗಿ ಎಂಬುದನ್ನು ರಕ್ತವೊಂದೇ ಹೇಳುವುದಿಲ್ಲ, ಪ್ರತಿಯೊಂದು ಸಮಾಜದ ಬಂಧುತ್ವ ವ್ಯವಸ್ಥೆಯೂ ಹೇಳುತ್ತದೆ. ಒಂದು ಆಚರಣೆಯನ್ನು ಹೀಗೆ ಅದರದೇ ವ್ಯವಸ್ಥೆಯೊಳಗಿಟ್ಟು ಅರ್ಥಮಾಡಿಕೊಳ್ಳುವುದೇ ಸಾಂಸ್ಕೃತಿಕ ಸಾಪೇಕ್ಷತೆ. 1955ರ ಹಿಂದೂ ವಿವಾಹ ಕಾಯ್ದೆ ಕೂಡ ಸೋದರ ಸೋದರಿಯರ ಮಕ್ಕಳ ನಡುವಿನ ಮದುವೆಯನ್ನು ನಿಷೇಧಿತ ಸಂಬಂಧವೆಂದು ಹೇಳಿ, ವಧೂವರರಿಬ್ಬರ ರೂಢಿಯೂ ಒಪ್ಪುವಲ್ಲಿ ವಿನಾಯಿತಿ ಕೊಟ್ಟಿದೆ.

ಇಲ್ಲಿಯೇ ಇನ್ನೊಂದು ತಪ್ಪು ಹುಟ್ಟುತ್ತದೆ. ‘ಹಾಗಾದರೆ ಬಾಲ್ಯವಿವಾಹವೂ ಅವರವರ ಸಂಸ್ಕೃತಿಯೇ’ ಎಂದು ಒಬ್ಬ ವಿದ್ಯಾರ್ಥಿ ಬರೆದಿದ್ದ. ಅರ್ಥಮಾಡಿಕೊಳ್ಳುವುದು ಒಪ್ಪಿಗೆಯಲ್ಲ. ರಕ್ತಸಂಬಂಧದ ಮದುವೆಯಲ್ಲಿ ಮಕ್ಕಳಿಗೆ ಕೆಲವು ಆನುವಂಶಿಕ ಕಾಯಿಲೆಗಳ ಸಂಭವ ಹೆಚ್ಚು, ಎಳೆಯ ಹುಡುಗಿಯ ಒಪ್ಪಿಗೆ ಒಪ್ಪಿಗೆಯಾಗುವುದಿಲ್ಲ ಎಂಬ ಆಕ್ಷೇಪಗಳು ಆಗುವ ಹಾನಿಯನ್ನು ಆಧರಿಸಿವೆ. ‘ನಮ್ಮಲ್ಲಿ ಹೀಗಿಲ್ಲ’ ಎಂಬುದನ್ನಲ್ಲ. ಈಗ ಉತ್ತರಪತ್ರಿಕೆ ನೋಡುವಾಗ, ಆಕ್ಷೇಪ ಬರೆದವರು ಈ ಎರಡರಲ್ಲಿ ಯಾವ ಕಾರಣವನ್ನು ಕೊಟ್ಟಿದ್ದಾರೆ ಎಂಬುದನ್ನೇ ಮೊದಲು ಹುಡುಕುತ್ತೇನೆ.